ಆಯಿಯ ತವರಿನ ನೀರು, ಅಜ್ಜನ ಹೊಲ

ನಮ್ಮ ಅಜ್ಜ ಹೋದ ತಿಂಗಳು ತೀರಿಕೊಂಡ. 85 ವರ್ಷ ಆಗಿತ್ತು. ನಮ್ಮ ಕಡೆ ಅಜ್ಜನಿಗೆ ಬಹುವಚನ ಹಚ್ಚೋ ರೂಢಿ ಇಲ್ಲ. ಹಚ್ಚಿದರೆ ಯಾರೋ ಪರಊರಿನ ಸಾಹೇಬರ ಬಗ್ಗೆ ಮಾತಾಡಿದ ಹಾಗೆ ಆಗುತ್ತೆ. ಹಾಗಾಗಿ ಇಲ್ಲೂ ಏಕವಚನದಲ್ಲೇ ಬರೀತೀನಿ.

ಹನ್ನೊಂದನೇ ದಿನ ಊರಲ್ಲಿ ನುಡಿನಮನ ಇಟ್ಟಿದ್ದರು. ಮೈಕ್ ಹಿಡಿದವರು 'ಆದರ್ಶ ರೈತ' ಅಂದರು, 'ಅಜಾತಶತ್ರು' ಅಂದರು. ಎರಡನೇ ಮಾತು ಕೇಳಿ ಆಯಿ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳು. ಯಾಕೆಂದರೆ ಕಾಲುವೆ ನೀರಿನ ಸಲುವಾಗಿ ಅಜ್ಜ ಕನಿಷ್ಠ ನಾಲ್ಕು ಮನೆಯವರ ಜೊತೆ ಮಾತು ಬಿಟ್ಟಿದ್ದ. ಒಂದು ಮನೆಯವರ ಜೊತೆ ಎರಡು ವರ್ಷ. ಹಾಗಂತ ಅವನದು ಜಗಳಗಂಟ ಸ್ವಭಾವ ಏನಲ್ಲ. ಜಗಳ ಆಗುತ್ತಿದ್ದದ್ದು ತನಗೆ ನೀರು ಸಾಲಲಿಲ್ಲ ಅಂತ ಅಲ್ಲ, ಪಕ್ಕದ ಹೊಲದವರು ಹೆಚ್ಚು ನೀರು ಬಿಟ್ಟರು ಅಂತ!

ಅಲ್ಲಿ ನನಗೆ ಮಾತಾಡೋಕೆ ಸಿಕ್ಕಿದ್ದು ಐದು ನಿಮಿಷ. ಇಲ್ಲಿ ಸ್ವಲ್ಪ ಜಾಗ ಜಾಸ್ತಿ ಇದೆ. ಅಜ್ಜ ಎಂಥ ಮನುಷ್ಯ ಅಂತ ಹೇಳೋಕೆ ಅವನ ನೀರಿನ ಕಥೆ ಒಂದನ್ನೇ ಹೇಳಿದರೆ ಸಾಕು ಅಂತ ನನಗೆ ಅನ್ನಿಸುತ್ತೆ.

ನಮ್ಮೂರು ಈಗ ಮೂಡಲಗಿ ತಾಲ್ಲೂಕಿನಲ್ಲಿದೆ. ಹೊಸ ತಾಲ್ಲೂಕು ಆಗೋ ಮುಂಚೆ ಗೋಕಾಕಕ್ಕೆ ಸೇರಿತ್ತು. ಅಜ್ಜ ಕೊನೆವರೆಗೂ ಅರ್ಜಿ, ಪಾವತಿ ಎಲ್ಲದರಲ್ಲೂ 'ತಾ. ಗೋಕಾಕ' ಅಂತಲೇ ಬರೀತಿದ್ದ. ಅಪ್ಪ ತಿದ್ದಿದರೆ, "ತಾಲೂಕ ಬದಲಿ ಆಗೈತಿ, ಹೊಲ ಎಲ್ಲಿ ಹೋಗೈತಿ?" ಅನ್ನುತ್ತಿದ್ದ. ಹೊಲ ಅಂದರೆ ಆರೂವರೆ ಎಕರೆ ಕರಿ ಎರೆಮಣ್ಣು. ಅದರಲ್ಲಿ ಹಳ್ಳದ ಕಡೆ ಇಳಿದಿರೋ ಒಂದು ಎಕರೆ ಹತ್ತು ಗುಂಟೆಗೆ ಮನೆಯಲ್ಲಿ 'ತಗ್ಗಿನ ಹೊಲ' ಅಂತ ಹೆಸರು. ಈ ಕಥೆಯ ಮುಖ್ಯ ಪಾತ್ರ ಆ ತುಂಡು.

ನಮ್ಮ ಹೊಲಕ್ಕೆ ನೀರು ಬರೋದು ಘಟಪ್ರಭಾ ಎಡದಂಡೆ ಕಾಲುವೆಯಿಂದ. ಗೋಕಾಕ ಫಾಲ್ಸ್ ನೋಡೋಕೆ ಹೋದವರು ಅದಕ್ಕಿಂತ ಸ್ವಲ್ಪ ಮೇಲೆ ಧೂಪದಾಳದಲ್ಲಿ ಬ್ರಿಟಿಷರ ಕಾಲದ ಒಡ್ಡನ್ನೂ ನೋಡಿರಬಹುದು. ಕಾಲುವೆ ಹೊರಡೋದು ಅಲ್ಲಿಂದ. ಅಜ್ಜ ಹುಟ್ಟೋಕೆ ಮೊದಲೇ ಕಾಲುವೆ ಇತ್ತು, ಆದರೆ ಅದರ ಹಿಂದೆ ದೊಡ್ಡ ಜಲಾಶಯ ಇರಲಿಲ್ಲ. ಹೊಳೆ ತುಂಬಿದಾಗ ಕಾಲುವೆಗೆ ನೀರು, ಹೊಳೆ ಇಳಿದರೆ ಕಾಲುವೆಯೂ ಇಳಿದ ಹಾಗೆ. ಹಾಗಾಗಿ ಅಜ್ಜನ ಹರೆಯದಲ್ಲಿ ನಮ್ಮ ಹೊಲದಲ್ಲಿ ಬೆಳೀತಿದ್ದದ್ದು ಹೆಚ್ಚಾಗಿ ಜೋಳ, ಕಡಲೆ, ಹತ್ತಿ.

ಎಪ್ಪತ್ತರ ದಶಕದಲ್ಲಿ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಡ್ಯಾಮು ತಲೆ ಎತ್ತಿತು. ಈಗ ಅದರ ಹೆಸರು ರಾಜಾ ಲಖಮಗೌಡ ಜಲಾಶಯ, 51 ಟಿಎಂಸಿ ಹಿಡಿಸುತ್ತೆ. ಮಳೆಗಾಲದಲ್ಲಿ ತುಂಬಿಸಿಟ್ಟು ಚಳಿಗಾಲದಲ್ಲೂ ಕಾಲುವೆಗೆ ಬಿಡೋದು ಸಾಧ್ಯ ಆಯಿತು. ನಮ್ಮ ಕಡೆ ಕಬ್ಬು ಬಂತು, ಗಾಣಗಳು ಬಂದವು, ಹಂಚಿನ ಮನೆಗಳು ಸ್ಲ್ಯಾಬಿನ ಮನೆಗಳಾದವು.

ಈ ಡ್ಯಾಮಿಗೂ ನಮ್ಮ ಮನೆಗೂ ಇನ್ನೊಂದು ಸಂಬಂಧ ಇದೆ. ನಮ್ಮ ಆಯಿ ಹುಕ್ಕೇರಿ ತಾಲ್ಲೂಕಿನವಳು. ಅವಳ ತವರಿನ ಊರು, ಮನೆ, ಹೊಲ, ಬಾವಿ ಎಲ್ಲವೂ ಈಗ ಹಿಡಕಲ್ ಹಿನ್ನೀರಿನ ಕೆಳಗಿವೆ. ಮದುವೆ ಆಗಿ ಬಂದಾಗ ಅವಳಿಗೊಂದು ತವರಿತ್ತು. ದೊಡ್ಡಪ್ಪ, ಅಪ್ಪ, ಅತ್ತೆ ಹುಟ್ಟಿದ ಮೇಲೆ ಅದು ಇಲ್ಲವಾಯಿತು. ಅವಳ ಅಣ್ಣತಮ್ಮಂದಿರು ಪರಿಹಾರದ ದುಡ್ಡು ಹಿಡಿದುಕೊಂಡು ಬೇರೆ ಬೇರೆ ಊರಿಗೆ ಹೋದರು. ಪಂಚಮಿ ಹಬ್ಬಕ್ಕೆ ಯಾವ ಊರಿಗೆ ಹೋಗಬೇಕು ಅನ್ನೋದೇ ಒಂದು ಪ್ರಶ್ನೆ ಆಯಿತು ಅಂತ ಆಯಿ ಹೇಳ್ತಾಳೆ.

ಹೀಗಾಗಿ ಒಂದೇ ಡ್ಯಾಮು ಅಜ್ಜನಿಗೆ ನೀರು ಕೊಟ್ಟಿತು, ಆಯಿಯ ಊರು ತೆಗೆದುಕೊಂಡಿತು. ಇದರ ಬಗ್ಗೆ ಇಬ್ಬರೂ ಭಾಷಣ ಮಾಡಿದ್ದನ್ನು ನಾನು ಕೇಳಿಲ್ಲ. ಆದರೆ ಕಾಲುವೆಯ ತೂಬಿನ ಬಳಿ ಯಾರಾದರೂ ಒಡ್ಡು ಒಡೆದು ನೀರು ರಸ್ತೆಗೆ ಹರಿದರೆ ಅಜ್ಜ ಒದರುತ್ತಿದ್ದ ಮಾತು ಒಂದೇ: "ಇದು ನಮ್ಮ ಮನ್ಯಾಕಿ ತವರಮನಿ ನೀರೈತಿ. ಹಿಂಗ ಚೆಲ್ಲಬ್ಯಾಡ್ರಿ." ಊರಿನ ಹುಡುಗರು ಇದನ್ನ ಅಣಕು ಮಾಡಿ ನಗ್ತಿದ್ದರು. ಅಜ್ಜ ಮಾತ್ರ ನಗೋಕೆ ಅಂತ ಹೇಳ್ತಿರಲಿಲ್ಲ.

ಕಾಲುವೆ ನೀರು ಗೊತ್ತಿಲ್ಲದವರಿಗೆ ಒಂದು ವಿಷಯ ಹೇಳಬೇಕು. ನಲ್ಲಿ ತಿರುವಿದ ಹಾಗೆ ಬೇಕಾದಾಗ ಅದು ಬರಲ್ಲ. ಪಾಳಿ ಇರುತ್ತೆ. ಒಂದು ತೂಬಿನ ಕೆಳಗಿನ ಹೊಲಗಳಿಗೆ ಒಬ್ಬರಾದ ಮೇಲೆ ಒಬ್ಬರಿಗೆ, ಇಷ್ಟು ತಾಸು ಅಂತ. ನಿಮ್ಮ ಪಾಳಿ ರಾತ್ರಿ ಎರಡಕ್ಕೆ ಬಂದರೆ ರಾತ್ರಿ ಎರಡಕ್ಕೇ ಹೋಗಬೇಕು. ಕರ ಕಟ್ಟೋದು ಎಕರೆಗೆ ಮತ್ತು ಬೆಳೆಗೆ. ಎಷ್ಟು ನೀರು ಬಿಟ್ಟುಕೊಂಡಿರಿ ಅಂತ ಅಳೆಯೋ ಮೀಟರು ಇಲ್ಲ. ಅಂದಮೇಲೆ ಪಾಳಿ ಬಂದಾಗ ಹೊಲ ತುಂಬಿಸಿಬಿಡೋಣ, ಮುಂದಿನ ಸಲ ಬರುತ್ತೋ ಇಲ್ಲವೋ, ಅನ್ನೋದು ಎಲ್ಲರ ಲೆಕ್ಕ. ಅದು ದುರಾಸೆ ಅಂತ ನಾನು ಹೇಳಲ್ಲ, ಹೆದರಿಕೆ ಅದು.

ಅಜ್ಜನ ಲೆಕ್ಕ ಬೇರೆ. ಪಾಳಿ ಬರೋ ಹಿಂದಿನ ದಿನ ಸಂಜೆ ಹೊಲಕ್ಕೆ ಹೋಗಿ, ಕಬ್ಬಿನ ಬುಡದ ಪಕ್ಕ ಸಲಿಕೆಯಿಂದ ಒಂದು ಅಡಿ ಆಳ ತೋಡುತ್ತಿದ್ದ. ಮೇಲಿನ ಮಣ್ಣು ಒಣಗಿ ಬಿರುಕು ಬಿಟ್ಟಿದ್ದರೂ ಅದನ್ನ ನಂಬ್ತಿರಲಿಲ್ಲ. ಎರೆಮಣ್ಣು ಮೇಲೆ ಸತ್ತ ಹಾಗೆ ಕಂಡರೂ ಒಳಗೆ ತೇವ ಇಟ್ಟುಕೊಂಡಿರುತ್ತೆ. ಒಳಗಿನ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತುತ್ತಿದ್ದ. ಉಂಡೆ ಕಟ್ಟಿ, ಅದರ ಮೇಲೆ ಹೆಬ್ಬೆರಳು ಒತ್ತಿದರೆ ಗುರುತು ಬಿತ್ತೋ, ಈ ಪಾಳಿ ಬೇಡ. ಉಂಡೆ ಪುಡಿಪುಡಿ ಆಯಿತೋ, ಬೇಕು. ಅಷ್ಟೇ ಪರೀಕ್ಷೆ.

ಬೇಡ ಅಂತಾದರೆ ತನ್ನ ಪಾಳಿಯನ್ನ ಕಾಲುವೆಯ ಕೊನೆಯಲ್ಲಿ ಹೊಲ ಇದ್ದವರಿಗೆ ಬಿಡ್ತಿದ್ದ. ಕೊನೆಯ ಹೊಲದವರಿಗೆ ನೀರು ಮುಟ್ಟೋದೇ ಕಷ್ಟ ಅನ್ನೋದು ಎಲ್ಲ ಕಾಲುವೆಗಳ ಕಥೆ. ನುಡಿನಮನದ ದಿನ ಅಲ್ಲಿಂದ ಒಬ್ಬ ಮುದುಕ ಬಂದಿದ್ದ. ಮೈಕ್ ಹಿಡಿಯೋಕೆ ಒಪ್ಪಲಿಲ್ಲ. ಊಟ ಮುಗಿಸಿ ಹೋಗುವಾಗ ಅಪ್ಪನ ಕೈ ಹಿಡಿದು, "ನನ್ನ ಮಗಳ ಮದುವಿ ಮಾಡಿದ ಬೆಳಿ ನಿಮ್ಮಪ್ಪ ಬಿಟ್ಟ ಪಾಳಿಯಿಂದ ಬಂದಿದ್ದು" ಅಂದ. ಆ ದಿನ ಕೇಳಿದ ಮಾತುಗಳಲ್ಲಿ ನಾನು ಪೂರ್ತಿ ನಂಬಿದ್ದು ಅದನ್ನೇ.

ಇದೆಲ್ಲ ಅಜ್ಜ ಹುಟ್ಟಾ ಕಲಿತಿದ್ದಲ್ಲ. ಕಬ್ಬಿನ ಮೊದಲ ವರ್ಷಗಳಲ್ಲಿ ಅವನೂ ಎಲ್ಲರ ಹಾಗೆ ತುಂಬಿಸುತ್ತಿದ್ದನಂತೆ. ಅವನಿಗೆ ಕಲಿಸಿದ್ದು ತಗ್ಗಿನ ಹೊಲ.

ಅಜ್ಜ ಒಂದು ನೋಟ್‌ಬುಕ್ ಇಡ್ತಿದ್ದ. ಉದ್ದನೆಯ, ಕೆಂಪು ರಟ್ಟಿನ, ಅಂಗಡಿಯವರು ಉದ್ರಿ ಬರೆಯೋ ಥರದ ಪುಸ್ತಕ. ಒಂದು ತುಂಬಿದ ಮೇಲೆ ಇನ್ನೊಂದು, ಹೀಗೆ ಏಳು ಪುಸ್ತಕ. ಓದಿದ್ದು ನಾಲ್ಕನೇ ಇಯತ್ತೆ. ಅದಕ್ಕೆ ವಾಕ್ಯಗಳೂ ಹಾಗೇ ಇವೆ: ತಾರೀಖು, ಯಾವ ತುಂಡು, ನೀರು ಎಷ್ಟಕ್ಕೆ ಬಂತು, ಎಷ್ಟಕ್ಕೆ ತಿರುವಿದೆ. ಬಿಟ್ಟುಕೊಟ್ಟ ಪಾಳಿ ಇದ್ದರೆ 'ಬಿಟ್ಟೆ' ಅಂತ ಒಂದೇ ಪದ. ಮನುಷ್ಯರ ಬಗ್ಗೆ ಬರೆದದ್ದು ಬಹಳ ಕಡಿಮೆ. ಅಪ್ಪನ ಮದುವೆಯ ದಿನದ ಪುಟದಲ್ಲಿ ಇರೋದು, 'ನೀರು ಬಂದಿತ್ತು. ಹೋಗಲಿಕ್ಕೆ ಆಗಲಿಲ್ಲ.'

1993ರ ಚಳಿಗಾಲದ ಪುಟದಲ್ಲಿ ಮೊದಲ ಸಲ ಬರುತ್ತೆ: 'ತಗ್ಗಿನ ಹೊಲ, ಬಿಳಿ.' ಬೆಳಿಗ್ಗೆ ನೋಡಿದಾಗ ಸಾಲುಗಳ ಏರಿನ ಮೇಲೆ ಹಿಟ್ಟು ಚೆಲ್ಲಿದ ಹಾಗೆ ತೆಳ್ಳಗೆ ಬಿಳಿ ಪದರ. ನಾಲಿಗೆಗೆ ಹಚ್ಚಿದರೆ ಉಪ್ಪು. ನಮ್ಮ ಕಡೆ ಇದಕ್ಕೆ ಸವಳು ಅಂತಾರೆ. ಆ ತುಂಡಿನ ಕಬ್ಬು ಎರಡು ವರ್ಷದಿಂದ ಗಿಡ್ಡ ಆಗಿತ್ತು, ಎಲೆಯ ತುದಿ ಸುಟ್ಟ ಹಾಗೆ ಒಣಗ್ತಿತ್ತು. ನೀರು ಸಾಲ್ತಿಲ್ಲ ಅಂತ ತಿಳಿದು ಅಜ್ಜ ಇನ್ನೂ ಹೆಚ್ಚು ಬಿಟ್ಟಿದ್ದ. ಪಕ್ಕದ ಹೊಲದವರು ಗೊಬ್ಬರ ಸಾಲ್ತಿಲ್ಲ ಅಂತ ತಿಳಿದು ಇನ್ನೊಂದು ಚೀಲ ಯೂರಿಯಾ ಹಾಕಿದ್ದರು.

ಆಗಿದ್ದು ಏನೆಂದರೆ, ಎರೆಮಣ್ಣಲ್ಲಿ ನೀರು ಬೇಗ ಕೆಳಗೆ ಇಳಿಯಲ್ಲ. ವರ್ಷಗಟ್ಟಲೆ ಹೆಚ್ಚು ಬಿಟ್ಟ ನೀರು ಭೂಮಿಯ ಒಳಗೆ ನಿಂತು, ಒಳಗಿನ ನೀರಿನ ಮಟ್ಟ ಮೇಲೆ ಬರುತ್ತೆ. ಮೇಲಿನ ಹೊಲಗಳ ನೀರೂ ಜಿನುಗಿ ತಗ್ಗಿಗೇ ಬರುತ್ತೆ. ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಆ ನೀರು ಮಣ್ಣಿನಲ್ಲಿ ಮೇಲಕ್ಕೆ ಏರಿ ಬಿಸಿಲಿಗೆ ಆರುತ್ತೆ. ನೀರು ಆರುತ್ತೆ, ಅದರಲ್ಲಿ ಕರಗಿದ್ದ ಉಪ್ಪು ಮಾತ್ರ ಮೇಲೆ ಉಳಿಯುತ್ತೆ. ಹೀಗೆ ಸುತ್ತಲೂ ನೀರಿದ್ದರೂ ಬೇರು ಅದನ್ನ ಕುಡಿಯೋಕೆ ಆಗದೆ ಒಣಗುತ್ತೆ. ನೀರು ಹೆಚ್ಚಾದ ಲಕ್ಷಣವೂ ನೀರು ಕಡಿಮೆ ಆದ ಲಕ್ಷಣದ ಹಾಗೇ ಕಾಣೋದರಿಂದ ಎಲ್ಲರೂ ಮೋಸ ಹೋಗೋದು ಇಲ್ಲೇ.

ಅಜ್ಜ ಮೊದಲು ಮಾಡಿದ್ದು ಒಂದು ಗುಂಡಿ ತೋಡಿದ್ದು. ನಾಲ್ಕು ಅಡಿ. ಒಂದು ರಾತ್ರಿ ಬಿಟ್ಟು ನೋಡಿದರೆ ಅದರಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಆಮೇಲೆ ಮಣ್ಣನ್ನ ಚೀಲದಲ್ಲಿ ಕಟ್ಟಿಕೊಂಡು ಅರಭಾವಿಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಹೋದ. ಜಿಪ್ಸಂ ಹಾಕಿದರೆ ಸರಿ ಹೋಗುತ್ತೆ ಅಂತ ಊರಲ್ಲಿ ಯಾರೋ ಹೇಳಿದ್ದರು. ಅಲ್ಲಿನವರು ಹೇಳಿದ್ದು ಬೇರೆ: ಇದು ಬರೀ ಉಪ್ಪಿನ ಸವಳು, ಇದಕ್ಕೆ ಜಿಪ್ಸಂ ಬೇಕಿಲ್ಲ, ನೀರು ಹೊರಗೆ ಹೋಗೋಕೆ ದಾರಿ ಬೇಕು. ದಾರಿ ಇಲ್ಲದೆ ಏನು ಹಾಕಿದರೂ ಉಪ್ಪು ಅಲ್ಲೇ ಇರುತ್ತೆ. ಅಜ್ಜ ಮನೆಗೆ ಬಂದು ಆಯಿಗೆ ಹೇಳಿದ್ದು ಆಯಿಗೆ ಇವತ್ತಿಗೂ ನೆನಪಿದೆ: "ನೀರ ಕಡಿಮಿ ಆದ್ರ ಬೆಳಿ ಸಾಯ್ತೈತಿ. ನೀರ ಹೆಚ್ಚಾದ್ರ ಭೂಮಿನ ಸಾಯ್ತೈತಿ."

ದಾರಿ ಅಂದರೆ ಬಸಿಗಾಲುವೆ. ನಮ್ಮ ಮನೆಯಲ್ಲಿ ಅದಕ್ಕೆ 'ಗಟಾರ' ಅಂತಲೇ ಅನ್ನೋದು. ತಗ್ಗಿನ ಹೊಲದ ಅಂಚಿನಿಂದ ಹಳ್ಳದವರೆಗೆ ಸುಮಾರು 400 ಅಡಿ. ಅದರಲ್ಲಿ ಕೊನೆಯ 150 ಅಡಿ ಪಕ್ಕದವರ ಹೊಲದಲ್ಲಿ ಹೋಗಬೇಕಿತ್ತು. ಪಕ್ಕದವರು ಆಗಲ್ಲ ಅಂದರು. ಅವರ ದೃಷ್ಟಿಯಲ್ಲಿ ಅದೂ ಸರಿಯೇ. ಇವರ ಹೊಲದ ಉಪ್ಪು ನೀರನ್ನ ತಮ್ಮ ಹೊಲದಲ್ಲಿ ಯಾಕೆ ಹಾಯಿಸಬೇಕು? ಎರಡು ವರ್ಷ ಮಾತು ಬಿಟ್ಟಿದ್ದು ಇವರ ಜೊತೆಗೇ.

ಆ ಎರಡು ವರ್ಷದಲ್ಲಿ ಅವರ ಹೊಲದಲ್ಲೂ ಬಿಳಿ ಕಾಣಿಸಿತು. ಒಂದು ದಿನ ಅಜ್ಜ ಮಾತಿಲ್ಲದೆ ಅವರ ಹೊಲದಲ್ಲಿ, ಅವರ ಮುಂದೆಯೇ, ನಾಲ್ಕು ಅಡಿ ಗುಂಡಿ ತೋಡಿಕೊಟ್ಟು ಬಂದನಂತೆ. ಮರುದಿನ ಬೆಳಿಗ್ಗೆ ಅವರೇ ಮನೆಗೆ ಬಂದರು. ಮಾತುಕತೆ ಮುಗಿದದ್ದು ಹೀಗೆ: ಗಟಾರ ಇಬ್ಬರದೂ. ಅವರ ಹೊಲದಲ್ಲಿ ಅದು ತಿನ್ನೋ ಜಾಗ ಒಂದೂವರೆ ಗುಂಟೆ. ಬದಲಿಗೆ ಅಜ್ಜ ಮೇಲಿನ ಒಳ್ಳೆ ಹೊಲದಲ್ಲಿ ಎರಡು ಗುಂಟೆ ಬಿಟ್ಟುಕೊಡಬೇಕು. ದೊಡ್ಡಪ್ಪನಿಗೆ ಸಿಟ್ಟು ಬಂದಿತ್ತು, ಕೆಟ್ಟ ಮಣ್ಣಿಗೆ ಒಳ್ಳೆ ಮಣ್ಣು ಕೊಟ್ಟೆ ಅಂತ. ಅಜ್ಜ, "ಅರ್ಧಾ ಗುಂಟೆ ಮಾತಿನ ಬಡ್ಡಿ ಅಂತ ತಿಳಕೊ" ಅಂದನಂತೆ.

1995ರ ಬೇಸಿಗೆಯಲ್ಲಿ ಗಟಾರ ತೋಡಿದರು. ನಾನು ಹುಟ್ಟಿದ್ದೂ ಅದೇ ವರ್ಷ. "ನೀ ಮತ್ತ ಗಟಾರ ಒಂದ ವಾರಿಗಿಯವರು" ಅಂತ ಅಜ್ಜ ನನ್ನನ್ನ ಎಲ್ಲರ ಮುಂದೆ ಪರಿಚಯಿಸುತ್ತಿದ್ದ. ನಿಶ್ಚಿತಾರ್ಥದ ದಿನ ನನ್ನ ಮಾವನವರ ಮುಂದೆಯೂ!

ಮೊದಲ ಮಳೆಗಾಲದಲ್ಲೇ ಗಟಾರ ಕುಸಿಯಿತು. ಗೋಡೆ ಹಾಗೆ ನೇರ ಕಡಿದಿದ್ದರು. ಎರೆಮಣ್ಣು ನೆನೆದರೆ ನೇರ ನಿಲ್ಲಲ್ಲ. ಮುಂದಿನ ಸಲ ಮೇಲೆ ಆರು ಅಡಿ ಅಗಲ, ತಳದಲ್ಲಿ ಒಂದೂವರೆ ಅಡಿ, ಹೀಗೆ ಇಳಿಜಾರಾಗಿ ಕಡಿದರು. ಅದು ನಿಂತಿತು. ಆಮೇಲೆ ಹೊಲಕ್ಕೆ ಸುತ್ತಲೂ ಸಣ್ಣ ಒಡ್ಡು ಹಾಕಿ ಮಳೆನೀರು ಅಲ್ಲೇ ನಿಲ್ಲೋ ಹಾಗೆ ಮಾಡಿದರು. ನಿಂತ ಮಳೆನೀರು ಉಪ್ಪನ್ನ ಕರಗಿಸಿಕೊಂಡು ಕೆಳಗೆ ಇಳಿದು, ಜಿನುಗಿ ಗಟಾರ ಸೇರಿ ಹಳ್ಳಕ್ಕೆ ಹೋಗಬೇಕು. ಹೊಲ ಕೆಡಿಸಿದ್ದೂ ನೀರೇ, ತೊಳೆದದ್ದೂ ನೀರೇ. ಹೊರಗೆ ಹೋಗೋ ದಾರಿ ಇತ್ತೋ ಇಲ್ಲವೋ ಅನ್ನೋದಷ್ಟೇ ವ್ಯತ್ಯಾಸ.

ಕೆಲಸ ನಿಧಾನದ್ದು. ಎರಡು ವರ್ಷ ಆ ತುಂಡಲ್ಲಿ ಡಯಾಂಚ ಬಿತ್ತಿ, ಹೂ ಬಿಡೋ ಮೊದಲು ಅದನ್ನ ಮಣ್ಣಿಗೇ ಸೇರಿಸಿದರು. ಸವಳಲ್ಲೂ ಬೆಳೆಯೋ ಗಿಡ ಅದು, ಮಣ್ಣನ್ನ ಸಡಿಲ ಮಾಡುತ್ತೆ. ಆ ಎರಡು ವರ್ಷ ಆ ಒಂದೂಕಾಲು ಎಕರೆಯಿಂದ ಮನೆಗೆ ಒಂದು ರೂಪಾಯಿ ಬರಲಿಲ್ಲ. ಅತ್ತೆಯ ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು. ಆಮೇಲೆ ಜೋಳ. ಮೊದಲ ವರ್ಷ ದನಕ್ಕೆ ಕಣಿಕೆ ಸಿಕ್ಕಿದ್ದು ಬಿಟ್ಟರೆ ಕಾಳು ಎರಡು ಚೀಲ. ಆಮೇಲೆ ಹತ್ತಿ, ಪರವಾಗಿಲ್ಲ ಅನ್ನೋ ಹಾಗೆ.

2000ನೇ ಇಸವಿಯ ಹಿಂಗಾರಿಗೆ ಅಜ್ಜ ಅಲ್ಲಿ ಕಡಲೆ ಬಿತ್ತಿದ. ಲಾಭಕ್ಕಲ್ಲ, ಪರೀಕ್ಷೆಗೆ. ಉಪ್ಪು ತಡೆಯೋ ವಿಷಯದಲ್ಲಿ ಕಡಲೆಯಷ್ಟು ನಾಜೂಕು ಬೆಳೆ ನಮ್ಮ ಕಡೆ ಇನ್ನೊಂದಿಲ್ಲ. ಸ್ವಲ್ಪ ಸವಳು ಉಳಿದಿದ್ದರೂ ಮೊಳಕೆಯೇ ಸರಿಯಾಗಿ ಬರಲ್ಲ, ಬಂದರೂ ಎಲೆ ಅಂಚಿನಿಂದ ಕೆಂಪಾಗಿ ಒಣಗುತ್ತೆ. ಆ ವರ್ಷದ ಪುಟದಲ್ಲಿ ಮೂರು ಸಾಲು ಇದೆ. 'ತಗ್ಗಿನ ಹೊಲ ಕಡಲಿ.' ಹತ್ತು ದಿನ ಬಿಟ್ಟು, 'ಹುಟ್ಟೈತಿ.' ಆಮೇಲೆ ಒಂದು ದಿನ, 'ಮನಿಯವರೆಲ್ಲಾ ಬಂದಿದ್ದರು. ಸುಲಗಾಯಿ ತಿಂದಿವಿ.'

ಸುಲಗಾಯಿ ಅಂದರೆ ಹಸಿ ಕಡಲೆಗಿಡವನ್ನ ಕಿತ್ತು, ಹೊಲದಲ್ಲೇ ಒಣ ಹುಲ್ಲು ಹಾಕಿ ಸುಟ್ಟು, ಬೂದಿ ಉಜ್ಜಿ ತಿನ್ನೋ ಕಡಲೆಕಾಯಿ. ಬಾಯಿ, ಕೈ ಎಲ್ಲ ಕರ್ರಗೆ ಆಗುತ್ತೆ. ನನಗೆ ಆಗ ಐದು ವರ್ಷ. ನನಗೆ ನೆನಪಿರೋ ಮೊದಲ ಸಂತೋಷಗಳಲ್ಲಿ ಅದೂ ಒಂದು. ಅದು ಏಳು ವರ್ಷದ ಲೆಕ್ಕ ಮುಗಿದ ದಿನ ಅಂತ ಗೊತ್ತಾಗಿದ್ದು ಈಗ, ಪುಸ್ತಕ ಓದಿದ ಮೇಲೆ.

ಮನೆಯವರೆಲ್ಲರ ಊಟದಲ್ಲಿ ಅಜ್ಜ ಆಯಿಗೆ ಮೊದಲು ಬಡಿಸ್ತಿರಲಿಲ್ಲ, ಮೆಚ್ಚುಗೆ ಮಾತು ಆಡ್ತಿರಲಿಲ್ಲ, ಹೆಸರು ಹಿಡಿದೂ ಕರೀತಿರಲಿಲ್ಲ. 'ಕೇಳಿಲ್ಲಿ' ಅನ್ನೋದೇ ಆಯಿಯ ಹೆಸರು. ಆದರೆ ಮಳೆ ಕಡಿಮೆ ಆದ ವರ್ಷ, ಬೇಸಿಗೆಯಲ್ಲಿ ಹಿಡಕಲ್ ನೀರು ತಳ ಕಂಡಿದೆ ಅಂತ ಸುದ್ದಿ ಬಂದರೆ, ಮರುದಿನವೇ ಆಯಿಯನ್ನ ಕರೆದುಕೊಂಡು ಹೊರಡ್ತಿದ್ದ. ನೀರು ಇಳಿದಾಗ ಹಿನ್ನೀರಿನಲ್ಲಿ ಹುನ್ನೂರಿನ ಹಳೆಯ ವಿಠ್ಠಲ ದೇವಸ್ಥಾನ ಹೊರಗೆ ಕಾಣುತ್ತೆ. ನೋಡೋಕೆ ಜನ ಬರ್ತಾರೆ. ಆಯಿಗೆ ಬೇಕಾಗಿದ್ದು ದೇವಸ್ಥಾನ ಒಂದೇ ಅಲ್ಲ. ಅದರ ಗುರುತು ಹಿಡಿದು, ಅಲ್ಲಿಂದ ಯಾವ ದಿಕ್ಕಿಗೆ ತನ್ನ ಊರು, ತನ್ನ ಮನೆ ಅಂತ ಅಂದಾಜು ಮಾಡ್ತಿದ್ದಳು.

ಹತ್ತನೇ ಕ್ಲಾಸಿನ ರಜೆಯಲ್ಲಿ ನಾನೂ ಒಂದು ಸಲ ಜೊತೆಗೆ ಹೋಗಿದ್ದೆ. ಗೋಕಾಕಕ್ಕೆ ಬಂದು, ಘಟಪ್ರಭಾ ಹಾದು, ಹುಕ್ಕೇರಿ ಕಡೆಗೆ ಮೂರು ಬಸ್ಸು. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಆಯಿ ಕೆಸರು ಒಣಗಿ ಬಿರುಕು ಬಿಟ್ಟ ನೆಲದ ಮೇಲೆ ನಿಂತು ಕೈ ತೋರಿಸಿ, "ಅಲ್ಲಿ ನಮ್ಮ ಬಾವಿ. ಇಲ್ಲಿ ಬೇವಿನ ಗಿಡ" ಅಂತ ಹೇಳ್ತಿದ್ದಳು. ಅಲ್ಲಿ ಏನೂ ಇರಲಿಲ್ಲ. ಅಜ್ಜ ತಲೆ ಮೇಲಿನ ಪಟಕಾ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ, ಸತ್ತವರ ಮನೆ ಮುಂದೆ ನಿಲ್ಲೋ ಹಾಗೆ. ವಾಪಸ್ ಬರುವಾಗ ಗೋಕಾಕದಲ್ಲಿ ಇಳಿದು ಆಯಿಗೆ ಕಾಲು ಕೇಜಿ ಕರದಂಟು ಕೊಡಿಸಿದ. ತವರಿಗೆ ಹೋಗಿ ಬಂದವರು ಬರಿಗೈಲಿ ಮನೆಗೆ ಬರಬಾರದಂತೆ.

ಅಜ್ಜ ರಿಟೈರ್ ಆದ ರೀತಿಯೂ ಹೇಳಬೇಕು. ರೈತರಿಗೆ ರಿಟೈರ್‌ಮೆಂಟ್ ಇಲ್ಲ ಅಂತಾರೆ. ನಮ್ಮ ಅಜ್ಜನಿಗೆ ಇತ್ತು, ತಾರೀಖಿನ ಸಮೇತ. ರಾತ್ರಿ ಪಾಳಿಯಲ್ಲಿ ಕಬ್ಬಿನ ಒಳಗೆ ಬ್ಯಾಟರಿ ಹಿಡಿದರೂ ನೀರು ಎಲ್ಲಿಗೆ ಬಂತು ಅಂತ ಕಾಣಲ್ಲ. ಅದಕ್ಕೆ ಸಾಲಿನ ತುದಿಯಲ್ಲಿ ಬರಿಗಾಲಲ್ಲಿ ನಿಲ್ಲಬೇಕು. ಮೊದಲು ಮಣ್ಣು ತಂಪಾಗುತ್ತೆ, ಆಮೇಲೆ ಬೆರಳ ಸಂದಿಗೆ ತೇವ ಬರುತ್ತೆ, ಆಗ ತಿರುವಿಬಿಡಬೇಕು. ನೀರು ಕಣ್ಣಿಗೆ ಕಾಣೋವರೆಗೆ ಕಾದರೆ ಹೆಚ್ಚಾಯಿತು ಅಂತ ಅರ್ಥ.

ಅಜ್ಜನಿಗೆ ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷ ಆಗಿತ್ತು. 2014ರ ನವೆಂಬರಿನಲ್ಲಿ ಒಂದು ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬಂದು ಸಲಿಕೆಯನ್ನ ಅಪ್ಪನ ಕೈಗೆ ಕೊಟ್ಟ. "ನನ್ನ ಕಾಲಿಗೆ ತೇವ ತಿಳೀವಲ್ದು. ಇನ್ನ ನೀ ಹೋಗು" ಅಂದ. ಅಷ್ಟೇ. ಆ ರಾತ್ರಿಯ ಪುಟದಲ್ಲಿ, 'ಅರ್ಧಾ ತಾಸು ಹೆಚ್ಚು ಹೋತು' ಅಂತ ಬರೆದಿದ್ದಾನೆ. ಅರ್ಧ ತಾಸು ಹೆಚ್ಚು ನೀರು ಹೋಗಿದ್ದಕ್ಕೆ ಐವತ್ತು ವರ್ಷದ ಕೆಲಸ ಬಿಟ್ಟ ಮನುಷ್ಯ. ವಯಸ್ಸಾದ ಮೇಲೂ ಹೊಲದ ಚಾವಿ ಸೊಂಟಕ್ಕೆ ಕಟ್ಟಿಕೊಂಡು, ಮಕ್ಕಳು ಮಾಡಿದ್ದೆಲ್ಲ ತಪ್ಪು ಅನ್ನೋ ಹಿರಿಯರನ್ನ ನಾವೆಲ್ಲ ನೋಡಿದ್ದೀವಿ. ಅಜ್ಜ ಆಮೇಲೆ ಒಂದೇ ಒಂದು ದಿನವೂ ಅಪ್ಪನಿಗೆ ನೀರು ಎಷ್ಟು ಬಿಡು ಅಂತ ಹೇಳಲಿಲ್ಲ. ಪುಸ್ತಕ ಮಾತ್ರ ಬಿಡಲಿಲ್ಲ. ಅಪ್ಪ ಹೇಳೋದು, ಅಜ್ಜ ಬರೆಯೋದು.

ಆ ಹತ್ತು ವರ್ಷ ಅವನ ಕೆಲಸ ಕಟ್ಟೆಯ ಮೇಲೆ ಕೂತು ನನ್ನ ಕೆಲಸದ ಬಗ್ಗೆ ವಿಚಾರಿಸೋದು. "ನೀವು ಏನ ಬಿತ್ತತೀರಿ, ಏನ ರಾಶಿ ಮಾಡತೀರಿ?" ಅಂತ ಶುರು ಮಾಡ್ತಿದ್ದ. ಒಂದು ಸಲ, ಬಹಳ ಜನ ಒಟ್ಟಿಗೆ ಆ್ಯಪ್ ತೆಗೆದರೆ ಅದು ನಿಂತುಬಿಡುತ್ತೆ, ಅದು ನಿಲ್ಲದ ಹಾಗೆ ನೋಡಿಕೊಳ್ಳೋದು ನನ್ನ ಕೆಲಸ ಅಂತ ಹೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಅಂದ್ರ ನೀನೂ ಪಾಳಿ ಹಚ್ಚಾಂವನ ಅನ್ನು" ಅಂದ. ನನ್ನ ಕೆಲಸವನ್ನ ಇಷ್ಟು ಸರಿಯಾಗಿ ನಮ್ಮ ಮನೆಯಲ್ಲಿ ಬೇರೆ ಯಾರೂ ಅರ್ಥ ಮಾಡಿಕೊಂಡಿಲ್ಲ.

2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದೊಳಗೆ ನುಗ್ಗಿದಾಗ, ಲೋಳಸೂರ ಸೇತುವೆ ಮುಳುಗಿದಾಗ, ಅಲ್ಲಿನ ನೆಂಟರು ಹತ್ತು ಹನ್ನೆರಡು ಮಂದಿ ನಮ್ಮ ಮನೆಯಲ್ಲಿದ್ದರು. ಎಲ್ಲರೂ ಟೀವಿ ಮುಂದೆ. ಅಜ್ಜ ಮಾತ್ರ ಆಯಿಯ ಪಕ್ಕ ಹೋಗಿ ಕೂತಿದ್ದ. ಮನೆ ನೀರಲ್ಲಿ ಹೋಗೋದು ಅಂದರೆ ಏನು ಅಂತ ಆ ಮನೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ.

ನಮ್ಮಲ್ಲಿ ಮಣ್ಣು ಮಾಡೋದು ರೂಢಿ, ಅದೂ ಸ್ವಂತ ಹೊಲದಲ್ಲಿ. ಜಾಗವನ್ನ ಅಜ್ಜ ಮೊದಲೇ ಹೇಳಿಟ್ಟಿದ್ದ. ಅಷ್ಟು ವರ್ಷ ದುಡಿದ ತಗ್ಗಿನ ಹೊಲದಲ್ಲೇ ಇರಲಿ ಅಂತ ದೊಡ್ಡಪ್ಪ ಒಮ್ಮೆ ಕೇಳಿದ್ದಕ್ಕೆ, "ಅಲ್ಲಿ ಬ್ಯಾಡ. ಮಳಿಗಾಲದಾಗ ತೇವ ಏರತೈತಿ. ಮತ್ತ ಬಿತ್ತೂ ಜಾಗಾ ಯಾಕ ಕೆಡಸ್ತೀರಿ?" ಅಂದಿದ್ದ. ಮೇಲಿನ ಮೂಲೆಯಲ್ಲಿ, ಏನೂ ಬೆಳೆಯದ ಮರಡಿ ಜಾಗದಲ್ಲಿ ಮಣ್ಣು ಮಾಡಿದೆವು. ಗುಂಡಿ ತೋಡುವಾಗ ಗಟಾರದ ಪಾಲುದಾರರ ಮನೆಯ ಮಗ ಮೊದಲು ಸಲಿಕೆ ಹಾಕಿದ. ಬೇಡ ಅಂದರೂ ಕೇಳಲಿಲ್ಲ. "ಅಜ್ಜ ನಮಗ ಒಂದ ಗುಂಡಿ ತೋಡಿಕೊಟ್ಟಿದ್ದ" ಅಂದ.

ಅಜ್ಜ ಹೋದ ಹದಿನಾರನೇ ದಿನಕ್ಕೆ ಕಾಲುವೆ ಪಾಳಿ ಬಂತು. ಹಿಂದಿನ ದಿನ ಸಂಜೆ ಅಪ್ಪ, ನಾನು ಹೊಲಕ್ಕೆ ಹೋದೆವು. ತಗ್ಗಿನ ಹೊಲದಲ್ಲಿ ಈ ಸಲ ಕಬ್ಬಿದೆ. ಅಪ್ಪ ಒಂದು ಅಡಿ ತೋಡಿ ಮಣ್ಣು ತೆಗೆದು ನನ್ನ ಕೈಗೆ ಕೊಟ್ಟ. ಒತ್ತಿದೆ. ಉಂಡೆ ಕಟ್ಟಿತು, ಹೆಬ್ಬೆರಳಿನ ಗುರುತು ಬಿತ್ತು. ರಾತ್ರಿ ಊಟ ಆದ ಮೇಲೆ ಏಳನೇ ಪುಸ್ತಕ ತೆಗೆದೆವು. ಹಾಸಿಗೆಯ ಮೇಲಿಂದ ಆಯಿ, "ಪಾಳಿ ಏನ ಮಾಡಿದ್ರಿ?" ಅಂತ ಕೇಳಿದಳು. ಕೊನೆಯ ಹೊಲದವರಿಗೆ ಫೋನ್ ಮಾಡಿದೀವಿ ಅಂತ ಅಪ್ಪ ಹೇಳಿದ. ಅಜ್ಜನ ಅಕ್ಷರದ ಕೆಳಗೆ ತಾರೀಖು ಹಾಕಿ, ಅವನು ಬರೀತಿದ್ದ ಪದವನ್ನೇ ಅಪ್ಪ ಬರೆದ: 'ಬಿಟ್ಟೆ.'